ಸ್ವಪ್ನದಲ್ಲಿ ಕಂಡ ವಿವಾಹ



ಕನಸಿನಲ್ಲಿ ಮದುವೆಯನ್ನು ಕಂಡು ಬೆಳಗಿನ ಜಾವದಲ್ಲಿ ಎಚ್ಚತ್ತವರು ಆ ಸಂಗತಿಯನ್ನು ಮನೆಯ ಹಿರಿಯರ ಮುಂದೆ ಹೇಳಿದಾಗ, ಓಲಗ ಚಪ್ಪರಗಳ ಮಂಗಳವಾರ್ತೆಯನ್ನು ಕೇಳಿಯೂ ಆ ಹಿರಿಯರ ಮುಖ ಕಂದುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಕನಸಿನಲ್ಲಿ ಮದುವೆ ಕಂಡರೆ ಮನೆಯಲ್ಲಿ ಸಾವಾದೀತು, ಸಾವು ಕಂಡರೆ ಮದುವೆಯಾದೀತು ಎಂಬುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ನಂಬಿಕೆ. ಹಸೆಯ ಮೇಲೆ ತಾನೇ ಕುಳಿತಿದ್ದಂತೆ, ಪಕ್ಕದಲ್ಲಿ ಎಂದೂ ಕಾಣದ ವ್ಯಕ್ತಿಯೊಬ್ಬರು ಕುಳಿತಿದ್ದಂತೆ ಕಂಡಿದ್ದರಂತೂ ಕಳವಳ ಇಮ್ಮಡಿಯಾಗುತ್ತದೆ. ಅವಿವಾಹಿತರು ಆ ಮುಖದವರು ಎಲ್ಲಿರುವರೋ ಎಂದು ಹುಡುಕಲು ತೊಡಗುತ್ತಾರೆ, ವಿವಾಹಿತರು ತಮ್ಮ ಮನಸ್ಸಿನಲ್ಲಿ ಪಾಪವೇನಾದರೂ ಹೊಕ್ಕಿತೇ ಎಂದು ನಾಚುತ್ತಾರೆ. ಈ ಭಯ, ಈ ಹುಡುಕಾಟ, ಈ ನಾಚಿಕೆ, ಮೂರಕ್ಕೂ ಮೂಲದಲ್ಲಿರುವುದು ಒಂದೇ ಗ್ರಹಿಕೆ: ಕನಸು ಹೊರಗಿನ ಘಟನೆಯೊಂದನ್ನು ಮುಂದಾಗಿ ಸೂಚಿಸುತ್ತದೆ ಎಂಬುದು. ಈ ಗ್ರಹಿಕೆಯನ್ನು ಬದಿಗಿರಿಸಿ, ಅದೇ ಕನಸನ್ನು ಕಂಡವರ ಅಂತರಂಗದಲ್ಲಿಯೇ ನಡೆಯುತ್ತಿರುವ ಒಂದು ಗುಣಸಂಯೋಗವೆಂದು ಓದುವ ಬಗೆ ಹೇಗೆ, ಹಾಗೆ ಓದಿದಾಗ ಆ ಹಳೆಯ ಮರಣಭಯಕ್ಕೆ ಯಾವ ಅರ್ಥ ಉಳಿಯುತ್ತದೆ ಎಂಬುದೇ ಈ ಹೊತ್ತಿನ ನನ್ನ ಭಾಷಣದ ವಿಷಯ.

ಮೊದಲು ಹಳೆಯವರ ಮಾತನ್ನು ಗೌರವದಿಂದ ಕೇಳೋಣ. ಅಗ್ನಿಪುರಾಣದ ಸ್ವಪ್ನಾಧ್ಯಾಯವು ಅಶುಭಸ್ವಪ್ನಗಳನ್ನು ಎಣಿಸುವಾಗ ತಲೆ ಬೋಳಿಸಿಕೊಳ್ಳುವುದು, ಮಲಿನವಸ್ತ್ರವನ್ನು ಧರಿಸುವುದು, ಎತ್ತರದಿಂದ ಬೀಳುವುದು ಮುಂತಾದುವುಗಳ ಸಾಲಿನಲ್ಲಿಯೇ ವಿವಾಹವನ್ನೂ ಗೀತವನ್ನೂ ಇರಿಸುತ್ತದೆ. ರಾತ್ರಿಯ ಮೊದಲ ಯಾಮದ ಕನಸು ವರ್ಷದೊಳಗೆ, ಎರಡನೆಯದರ ಕನಸು 6 ತಿಂಗಳಲ್ಲಿ, ಮೂರನೆಯದರದು 3 ತಿಂಗಳಲ್ಲಿ, ಕಡೆಯ ಯಾಮದ್ದು ಪಕ್ಷದೊಳಗೆ ಫಲಿಸುವುದೆಂದು ಕಾಲನಿರ್ಣಯವನ್ನೂ ಮಾಡುತ್ತದೆ. ಇತ್ತ ಗ್ರೀಕ್ ಭಾಷೆಯಲ್ಲಿ ಕ್ರಿಸ್ತಶಕ 2ನೆಯ ಶತಮಾನದ ಅರ್ಟೆಮಿಡೋರಸ್ ಎಂಬ ಸ್ವಪ್ನಶಾಸ್ತ್ರಜ್ಞನು ಊರೂರು ತಿರುಗಿ, ಜಾತ್ರೆಗಳಲ್ಲಿ ಕನಸು ಹೇಳುವವರ ಅನುಭವವನ್ನೂ ಸಂಗ್ರಹಿಸಿ, 5 ಭಾಗಗಳ ಗ್ರಂಥವೊಂದನ್ನು ರಚಿಸಿದನು. ಅದರಲ್ಲಿ ಅವನೂ ರೋಗಿಯು ಕನ್ಯೆಯನ್ನು ವರಿಸಿದಂತೆ ಕಂಡರೆ ಅದು ಮರಣಸೂಚಕವೆಂದು ಹೇಳುತ್ತಾನೆ. ಹೇಳಿ ಸುಮ್ಮನಾಗದೆ ಕಾರಣವನ್ನೂ ಕೊಡುತ್ತಾನೆ: ಮದುವಣಿಗನಿಗೆ ನಡೆಯುವ ಉಪಚಾರಗಳೆಲ್ಲ ಮೃತನಿಗೂ ನಡೆಯುತ್ತವೆ, ಬಂಧುಮಿತ್ರರ ಮೆರವಣಿಗೆ, ಹೂಮಾಲೆ, ಸುಗಂಧದ್ರವ್ಯ ಎರಡರಲ್ಲಿಯೂ ಸಮಾನ. ನಮ್ಮಲ್ಲಿಯೂ ಸ್ನಾನ, ಹೊಸಬಟ್ಟೆ, ಹೂವು, ವಾದ್ಯ, ಅಕ್ಕಿ ಇವು ಎರಡು ಸಂದರ್ಭಗಳಿಗೂ ಸಲ್ಲುವುವೆಂಬುದನ್ನು ನೆನೆದರೆ ಈ ಸಾದೃಶ್ಯ ಕೇವಲ ಪರದೇಶದ್ದೆಂದು ತೋರದು.

ಆದರೆ ಉಪಚಾರಗಳ ಸಾದೃಶ್ಯಕ್ಕಿಂತ ಆಳವಾದ ಮತ್ತೊಂದು ಕಾರಣವುಂಟು. ವಿವಾಹದಲ್ಲಿ ಕನ್ಯೆಯು ಹುಟ್ಟಿದ ಗೋತ್ರದಿಂದ ಹೊರಬಂದು ಕೈಹಿಡಿದವನ ಗೋತ್ರವನ್ನು ಸೇರುತ್ತಾಳೆ. ವರನೂ ಬ್ರಹ್ಮಚರ್ಯವನ್ನು ಮುಗಿಸಿ ಬೇರೊಂದು ಆಶ್ರಮಕ್ಕೆ ಕಾಲಿಡುತ್ತಾನೆ. ನಿನ್ನೆಯವರೆಗೆ ಇದ್ದ ಇಬ್ಬರು ಇಂದು ಹಾಗೆಯೇ ಉಳಿಯುವುದಿಲ್ಲ. ಒಂದು ಸ್ಥಿತಿ ಮುಗಿದಲ್ಲದೆ ಇನ್ನೊಂದು ಆರಂಭವಾಗದು. ಮದುವೆಯ ಕನಸನ್ನು ಮೃತ್ಯುವಿನೊಡನೆ ಜೋಡಿಸಿದ ಪ್ರಾಚೀನರು ಈ ಸಮಾಪ್ತಿಯ ಅಂಶವನ್ನು ಸರಿಯಾಗಿಯೇ ಗುರುತಿಸಿದ್ದರೆಂದು ನನಗೆ ತೋರುತ್ತದೆ. ಆ ಸಮಾಪ್ತಿಯು ದೇಹಕ್ಕೆ ಸಂಬಂಧಿಸಿದುದೆಂದೂ ಅದಕ್ಕೆ ತಿಂಗಳು ಪಕ್ಷಗಳ ಗಡುವುಂಟೆಂದೂ ತಿಳಿದುದರಲ್ಲಿ ಮಾತ್ರ ನಾವು ಅವರಿಂದ ಬೇರೆಯಾಗಬೇಕಾಗಿದೆ.

ಈ ಬೇರೆಯ ಮಾರ್ಗವನ್ನು ಕ್ರಮವಾಗಿ ತೋರಿಸಿಕೊಟ್ಟವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್. 1875ರಲ್ಲಿ ಜನಿಸಿ 1961ರಲ್ಲಿ ತೀರಿಕೊಂಡ ಈ ವಿದ್ವಾಂಸನ ಹೆಸರು ಮೈಸೂರಿನವರಿಗೆ ಪೂರ್ತಿ ಹೊರಗಿನದಲ್ಲ; 1937–38ರ ಚಳಿಗಾಲದಲ್ಲಿ ಭಾರತಕ್ಕೆ ಬಂದಿದ್ದಾಗ ಅವನು ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ತತ್ತ್ವವಿಚಾರವನ್ನು ನಡೆಸಿದುದುಂಟು. ಅವನ ಸಿದ್ಧಾಂತದಲ್ಲಿ ನಮಗೆ ಇಲ್ಲಿ ಬೇಕಾದ ಭಾಗ ಇಷ್ಟು: ಮನುಷ್ಯನು ಬದುಕಿನಲ್ಲಿ ಒಂದು ಪಾತ್ರವನ್ನು ವಹಿಸಿಕೊಂಡು ಅದಕ್ಕೆ ಒಪ್ಪುವ ಗುಣಗಳನ್ನು ಬೆಳೆಸುತ್ತಾ ಹೋಗುವಾಗ, ಒಪ್ಪದ ಗುಣಗಳನ್ನು ಅರಿತೋ ಅರಿಯದೆಯೋ ಹಿಂದೆ ಬಿಡುತ್ತಾನೆ, ಹಾಗೆ ಬಿಟ್ಟುವು ನಾಶವಾಗದೆ ಮನಸ್ಸಿನ ಅಜ್ಞಾತಭಾಗದಲ್ಲಿ ಉಳಿದಿರುತ್ತವೆ, ಎಚ್ಚರದ ಬಾಳು ಒಂದೇ ಕಡೆಗೆ ಬಹಳವಾಗಿ ವಾಲಿದಾಗ, ಆ ಓರೆಯನ್ನು ಸರಿದೂಗಿಸುವಂತೆ ಅವು ಕನಸಿನಲ್ಲಿ ವ್ಯಕ್ತಿರೂಪವನ್ನು ತಾಳಿ ಎದುರು ಬರುತ್ತವೆ. ಪುರುಷನ ಕನಸಿನಲ್ಲಿ ಅಪರಿಚಿತ ಸ್ತ್ರೀಯಾಗಿಯೂ ಸ್ತ್ರೀಯ ಕನಸಿನಲ್ಲಿ ಅಪರಿಚಿತ ಪುರುಷನಾಗಿಯೂ ಅವು ಕಾಣಿಸಿಕೊಳ್ಳುವುದು ಹೆಚ್ಚು. ಈ ರೂಪಗಳನ್ನು ಅವನು ಅನಿಮಾ, ಅನಿಮಸ್ ಎಂಬ ಹೆಸರುಗಳಿಂದ ಕರೆದನು. ಈ ಬಗೆಯ ವಾಚನದಲ್ಲಿ ಕನಸಿನ ವರ, ವಧು, ಪುರೋಹಿತ, ಬಂಧುಗಳೆಲ್ಲರೂ ಕನಸು ಕಂಡವರದೇ ಮನೋಭಾಗಗಳು. ಮದುವೆಯೆಂದರೆ ಬೆಳೆಸಿಕೊಂಡ ಗುಣವೂ ಬಿಟ್ಟುಹೋದ ಗುಣವೂ ಮತ್ತೆ ಒಂದು ಬಾಳಿನಲ್ಲಿ ಜೊತೆಯಾಗುವ ಯತ್ನ.

ತತ್ತ್ವವನ್ನು ಹೀಗೆ ಹೇಳಿದಾಗ ಅದು ಸುಲಭವಾಗಿ ಕೇಳಿಸುತ್ತದೆ. ಒಂದು ಕನಸನ್ನು ಕೈಗೆತ್ತಿಕೊಂಡಾಗಲೇ ಅದರ ಕಷ್ಟವೂ ಅದರ ಪ್ರಯೋಜನವೂ ತಿಳಿಯುವುದು. ನನ್ನ ಪರಿಚಯದ ಹೈಸ್ಕೂಲಿನ ಗಣಿತದ ಉಪಾಧ್ಯಾಯರೊಬ್ಬರು, ಹೆಸರು ಹೇಳಬಾರದೆಂಬ ನಿಬಂಧನೆಯ ಮೇಲೆ, ತಮ್ಮದೊಂದನ್ನು ಬಳಸಿಕೊಳ್ಳಲು ಒಪ್ಪಿದ್ದಾರೆ. ಐವತ್ತನ್ನು ಸಮೀಪಿಸಿದ, ಶಿಸ್ತಿಗೆ ಹೆಸರಾದ, ಮನೆಯ ಲೆಕ್ಕವನ್ನು ಕಾಸು ಬಿಡದೆ ಬರೆದಿಡುವ ಗೃಹಸ್ಥರು ಅವರು. ಅವರಿಗೆ ಕಂಡುದು ಇದು: ತಿಳಿಯದ ಊರೊಂದರ ಚಪ್ಪರದಲ್ಲಿ ಅವರು ಹಸೆಮಣೆಯ ಮೇಲೆ ನಿಂತಿದ್ದಾರೆ, ಮೈಮೇಲೆ ಶಾಲೆಗೆ ತೊಡುವ ಕೋಟು, ಅದರ ತೋಳಿನಲ್ಲಿ ಕೆಂಪು ಮಸಿಯ ಕಲೆ, ಎದುರಿಗೆ ಅಂತಃಪಟ. ಪುರೋಹಿತರು ವಧುವಿನ ಗೋತ್ರವನ್ನು ಕೇಳುತ್ತಾರೆ, ಯಾರಿಗೂ ತಿಳಿಯದು. ತನಗೆ ಹೆಂಡತಿಯಿರುವಳಲ್ಲ ಎಂದು ಇವರು ಗಾಬರಿಯಿಂದ ತಿರುಗಿ ನೋಡಿದರೆ, ಆಕೆಯೇ ಆರತಿಯ ತಟ್ಟೆಯನ್ನು ಹಿಡಿದು ಪ್ರಸನ್ನಳಾಗಿ ನಿಂತಿದ್ದಾಳೆ. ತೆರೆ ಸರಿಯುತ್ತದೆ, ಆ ಕಡೆ ನಿಂತವಳು ಎಂದೂ ಕಾಣದ ಹೆಂಗಸು, ಅವಳ ಮೊಣಕೈವರೆಗೆ ಹಸಿಮಣ್ಣು ಮೆತ್ತಿದೆ. ಅವಳು ಜೀರಿಗೆ ಬೆಲ್ಲವನ್ನು ಇವರ ತಲೆಯ ಮೇಲಿಡುವಾಗ ಮಣ್ಣೂ ಜೊತೆಗೆ ಜಾರಿ ಕೋಟಿನ ಮೇಲೆ ಬೀಳುತ್ತದೆ. ಎಂದಿನ ಸಿಟ್ಟು ಬರುವುದಿಲ್ಲ, ವಿಚಿತ್ರವಾದ ಹರ್ಷವಾಗುತ್ತದೆ. ಅಲ್ಲಿಗೆ ಎಚ್ಚರ. ಹರ್ಷದ ಹಿಂದೆಯೇ, ಮದುವೆಯ ಕನಸು ಕೇಡೆಂದು ತಾಯಿ ಹೇಳುತ್ತಿದ್ದ ಮಾತು ನೆನಪಾಗಿ, ಅವರಿಗೆ ಎದೆ ಹೊಡೆದುಕೊಳ್ಳತೊಡಗಿತಂತೆ.

ಇಂಥ ಕನಸನ್ನು ಓದುವಾಗ ಮೊದಲು ಕೇಳಬೇಕಾದುದು ಹೊರಗಿನ ಪ್ರಶ್ನೆ. ಮನೆಯಲ್ಲಿ ಮದುವೆಯ ಸಿದ್ಧತೆ ನಡೆಯುತ್ತಿದೆಯೇ? ಹಿಂದಿನ ದಿನ ಯಾವುದಾದರೂ ಧಾರೆಗೆ ಹೋಗಿದ್ದಿರೇ? ಹಗಲಿನ ಶೇಷವು ರಾತ್ರಿಯ ಕನಸಿಗೆ ಸಾಮಗ್ರಿಯಾಗುತ್ತದೆಂಬುದನ್ನು ಫ್ರಾಯ್ಡನು 1899ರ ಕೊನೆಯಲ್ಲಿ ಪ್ರಕಟವಾದ ತನ್ನ ಸ್ವಪ್ನಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾನೆ. ಆ ಶೇಷವನ್ನು ಗುರುತಿಸದೆ ಒಳಗಿನ ಅರ್ಥಕ್ಕೆ ಧಾವಿಸುವುದು ತಪ್ಪು. ಇದಕ್ಕಿಂತಲೂ ಮುಖ್ಯವಾದುದೊಂದಿದೆ. ಮುಖ ನೋಡದ ವರನೊಡನೆ ನಿಜವಾಗಿಯೇ ನಿಶ್ಚಯವಾಗಿರುವ ಹುಡುಗಿಯೊಬ್ಬಳು ಅಪರಿಚಿತನನ್ನು ಮದುವೆಯಾದಂತೆ ಕನಸು ಕಂಡು ಬೆದರಿ ಎದ್ದರೆ, ಅದನ್ನು ಗುಣಸಂಯೋಗವೆಂದು ವ್ಯಾಖ್ಯಾನಿಸಿ ಅವಳನ್ನು ಸಮಾಧಾನಪಡಿಸುವುದು ಅನ್ಯಾಯ. ಅವಳ ಕನಸಿನ ಅಪರಿಚಿತನು ಹೊರಗೆಯೇ ಇದ್ದಾನೆ, ಅವಳ ಭಯಕ್ಕೆ ಉತ್ತರ ಕೊಡಬೇಕಾದವರು ಮನೆಯ ಹಿರಿಯರು. ನಮ್ಮ ಉಪಾಧ್ಯಾಯರ ವಿಷಯದಲ್ಲಿ ಇಂಥ ಹೊರಗಿನ ಕಾರಣವೇನೂ ಕಾಣಲಿಲ್ಲ.

ಎರಡನೆಯ ಪ್ರಶ್ನೆ ಅಪರಿಚಿತೆಯನ್ನು ಕುರಿತದ್ದು. ಅವಳು ಯಾರು ಎಂದು ಕೇಳಿದರೆ ಉತ್ತರ ದೊರೆಯದು. ಅವಳು ಎಂಥವಳು ಎಂದು ಕೇಳಬೇಕು. ಸ್ತ್ರೀಯೆಂದರೆ ಮಾರ್ದವ, ಪುರುಷನೆಂದರೆ ಧೈರ್ಯ ಎಂಬ ಸಿದ್ಧಪಟ್ಟಿಯೂ ಇಲ್ಲಿ ನೆರವಾಗದು, ಏಕೆಂದರೆ ಒಬ್ಬರು ಬಿಟ್ಟುಹೋದುದನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದಿರುತ್ತಾರೆ. "ಮೇಷ್ಟ್ರೇ, ಆ ಹೆಂಗಸಿನಲ್ಲಿ ನಿಮ್ಮ ಕಣ್ಣಿಗೆ ಮೊದಲು ಬಿದ್ದುದೇನು?" ಎಂದು ನಾನು ಕೇಳಿದೆ. "ಕೈಮೇಲಿನ ಮಣ್ಣು," ಎಂದರು. "ಮಣ್ಣೆಂದರೆ ನಿಮಗೇನು ನೆನಪಾಗುತ್ತದೆ?" "ಏನೂ ಇಲ್ಲ," ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಲ್ಯದಲ್ಲಿ ತಾವು ಕುಂಬಾರರ ಬೀದಿಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದುದನ್ನೂ, ಗೌರಿ ಗಣೇಶನ ಹಬ್ಬದ ಮುಂಚೆ ಪುಟ್ಟ ವಿಗ್ರಹಗಳನ್ನು ತಿದ್ದುತ್ತಿದ್ದುದನ್ನೂ, ಓದುವ ಹುಡುಗನಿಗೆ ಕೈ ಕೊಳೆಮಾಡಿಕೊಳ್ಳುವ ಕೆಲಸವೇಕೆಂದು ತಂದೆ ಒಂದು ದಿನ ಎಲ್ಲವನ್ನೂ ಬೀದಿಗೆಸೆದುದನ್ನೂ ಹೇಳಿದರು. ಮರುವರ್ಷವೇ ತಂದೆ ತೀರಿಕೊಂಡರು. ಮನೆಯ ಭಾರ ಹೆಗಲಿಗೆ ಬಂದಿತು. ಕುಂಬಾರರ ಬೀದಿಗೆ ಅವರು ಮತ್ತೆ ಹೋಗಲಿಲ್ಲ. ಮಣ್ಣಿನ ಕೆಲಸದಲ್ಲಿ ಏನು ಸೊಗಸಿತ್ತೆಂದು ಕೇಳಿದುದಕ್ಕೆ ಅವರು ಕೊಟ್ಟ ಉತ್ತರದಲ್ಲಿ ಕನಸಿನ ಬೀಗದಕೈ ಇತ್ತು: "ತಪ್ಪಾದರೆ ಕಲಸಿ ಮತ್ತೆ ಮಾಡಬಹುದಾಗಿತ್ತು."

ಮೂವತ್ತು ವರ್ಷ ತಪ್ಪುಗಳ ಮೇಲೆ ಕೆಂಪು ಮಸಿಯಲ್ಲಿ ಗೆರೆ ಎಳೆದವರ ಬಾಯಲ್ಲಿ ಈ ಮಾತು ಬಂದಾಗ, ಕೋಟಿನ ತೋಳಿನ ಆ ಕಲೆಯನ್ನೂ ಅದರ ಮೇಲೆ ಬಿದ್ದ ಹಸಿಮಣ್ಣನ್ನೂ ವ್ಯಾಖ್ಯಾನಿಸುವ ಅಗತ್ಯವೇ ಉಳಿಯಲಿಲ್ಲ. ಅವರು ಹಿಂದೆ ಬಿಟ್ಟುದು ಕುಂಬಾರಿಕೆಯನ್ನಲ್ಲ, ತಪ್ಪನ್ನು ಸಹಿಸಿ ತಿದ್ದಿಕೊಳ್ಳುವ ತಾಳ್ಮೆಯನ್ನು. ಫಲವೇನಾದೀತೆಂದು ತಿಳಿಯದೆಯೂ ಕೈಯನ್ನು ಕೆಲಸಕ್ಕೊಡ್ಡುವ ಧೈರ್ಯವನ್ನು. ಆ ಗುಣವೇ ಗೋತ್ರ ತಿಳಿಯದ ವಧುವಾಗಿ ಬಂದು ನಿಂತಿತ್ತು. ಗೋತ್ರ ತಿಳಿಯದು, ಏಕೆಂದರೆ ಅದು ತಮ್ಮಲ್ಲಿಯೇ ಹುಟ್ಟಿದುದೆಂಬುದನ್ನು ಅವರು ಮರೆತಿದ್ದರು.

ಮೂರನೆಯ ಪ್ರಶ್ನೆ, ಉಳಿದವರು ಏನು ಮಾಡುತ್ತಿದ್ದರು ಎಂಬುದು. ಕನಸು ಕಂಡವರು ನಾಚಿಕೆಯಿಂದ ಮರೆಮಾಚಲು ಬಯಸಿದ ಅಂಶವೇ, ಎಂದರೆ ಹೆಂಡತಿಯು ಆರತಿ ಹಿಡಿದು ನಿಂತುದೇ, ಇಲ್ಲಿ ದಾರಿ ತೋರುತ್ತದೆ. ಹೊರಗಿನ ಸಂಸಾರವನ್ನು ಮುರಿಯುವ ಆಸೆಯೇ ಕನಸಿನ ತಿರುಳಾಗಿದ್ದರೆ ಆಕೆ ಬಹುಶಃ ಅಳುತ್ತಲೋ ಸಿಟ್ಟಾಗಿಯೋ ಕಾಣುತ್ತಿದ್ದಳು, ಇಲ್ಲವೇ ಅಲ್ಲಿ ಇರುತ್ತಲೇ ಇರಲಿಲ್ಲ. ಅವಳು ಪ್ರಸನ್ನಳಾಗಿದ್ದುದರಿಂದ, ಈ ಹೊಸ ಸಂಬಂಧವು ಇದ್ದ ಬಾಳಿಗೆ ವಿರೋಧಿಯಲ್ಲವೆಂದು ತಿಳಿಯಬಹುದು. ಹಾಗೆಂದು ಎಲ್ಲರ ಕನಸಿನಲ್ಲಿಯೂ ಹೀಗೆಯೇ ಆಗುವುದಿಲ್ಲ. ಮುಹೂರ್ತ ಮೀರಿಹೋಗುವುದು, ಮಾಂಗಲ್ಯ ಕಳೆದುಹೋಗುವುದು, ಚಪ್ಪರಕ್ಕೆ ದಾರಿ ಸಿಕ್ಕದಿರುವುದು ಮುಂತಾದ ವಿಘ್ನಗಳೂ ಕಾಣುತ್ತವೆ. ಅವನ್ನು ಅಪಶಕುನವೆಂದೆಣಿಸದೆ, ಬಿಟ್ಟ ಗುಣವನ್ನು ಒಳಕ್ಕೆ ಕರೆದುಕೊಳ್ಳಲು ಮನಸ್ಸು ಎಲ್ಲಿ ಹಿಂಜರಿಯುತ್ತಿದೆ ಎಂಬುದರ ಗುರುತಾಗಿ ಓದಬೇಕು.

ಈ ಓದು ಸರಿಯೆಂದು ತಿಳಿಯುವುದು ಹೇಗೆ? ಜಾಣತನದ ವ್ಯಾಖ್ಯಾನವನ್ನು ಯಾವ ಕನಸಿನ ಮೇಲಾದರೂ ಹೊರಿಸಬಹುದು. ಆದುದರಿಂದಲೇ ಯೂಂಗನು ಒಂಟಿ ಕನಸಿನ ಅರ್ಥವನ್ನು ಅನಿಶ್ಚಿತವೆಂದೆಣಿಸಿ, ಕನಸುಗಳ ಸರಣಿಗೆ ಹೆಚ್ಚು ಬೆಲೆ ಕೊಟ್ಟನು. ಮುಂದಿನ ಕನಸು ಹಿಂದಿನದರ ತಪ್ಪು ಓದನ್ನು ತಿದ್ದುತ್ತದೆ ಎಂಬುದು ಅವನ ಅನುಭವ. ನಮ್ಮ ಉಪಾಧ್ಯಾಯರಿಗೆ ಆ ವರ್ಷ ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಮನೆಯಲ್ಲಿ ಮಾತೇ ನಿಂತುಹೋಗಿದ್ದಿತು. ಕನಸಿನ ವಿಚಾರವಾದ ಮೇಲೆ ಅವರು ಮಗನ ಪಕ್ಕದಲ್ಲಿ ಕುಳಿತು, ತಪ್ಪಾದ ಲೆಕ್ಕವನ್ನು ಗೆರೆ ಎಳೆಯದೆ ಮೊದಲಿನಿಂದ ಮತ್ತೆ ಮಾಡಿಸುವುದನ್ನು ಆರಂಭಿಸಿದರು. ಕೆಲವು ತಿಂಗಳ ಮೇಲೆ ಅದೇ ಹೆಂಗಸು ಮತ್ತೊಮ್ಮೆ ಕಾಣಿಸಿದಳಂತೆ: ಚಪ್ಪರವಿಲ್ಲ, ವಾದ್ಯವಿಲ್ಲ; ತಮ್ಮದೇ ಹಿತ್ತಲ ಬಾವಿಯ ಬಳಿ ಕೈ ತೊಳೆಯುತ್ತಿದ್ದಾಳೆ; ಮುಖ ಅಪರಿಚಿತವೆಂದು ಅವರಿಗೆ ಅನಿಸಲೇ ಇಲ್ಲ. ತಿಳಿಯದ ಊರಿನಿಂದ ಹಿತ್ತಲಿಗೆ ಅವಳು ಬಂದಿರುವುದೇ ಮೊದಲ ಓದಿಗೆ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಈಗ ದಾರಿ ತಪ್ಪುವ ಬಗೆಯನ್ನು ನೋಡೋಣ. ಭಾಗವತದಲ್ಲಿ ಬಾಣಾಸುರನ ಮಗಳು ಉಷೆ ಎಂದೂ ನೋಡದ, ಹೆಸರನ್ನೂ ಕೇಳದ ತರುಣನನ್ನು ಕನಸಿನಲ್ಲಿ ಕೂಡುತ್ತಾಳೆ; ಸಖಿ ಚಿತ್ರಲೇಖೆ ದೇವಗಂಧರ್ವರ, ಮನುಷ್ಯರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತ ಬಂದು, ಅನಿರುದ್ಧನ ಚಿತ್ರ ಕಂಡಾಗ ಉಷೆ ನಾಚಿ ತಲೆತಗ್ಗಿಸಲು, ಅವನನ್ನು ದ್ವಾರಕೆಯಿಂದ ತನ್ನ ಯೋಗಬಲದಿಂದ ತಂದೇ ಬಿಡುತ್ತಾಳೆ. ಕಥೆಯಲ್ಲಿ ಇದು ರಮ್ಯ. ಬಾಳಿನಲ್ಲಿ ಪ್ರತಿಯೊಬ್ಬರೂ ತಮ್ಮ ಕನಸಿನ ಅಪರಿಚಿತರನ್ನು ಹೊರಗಿನ ಚಿತ್ರಗಳಲ್ಲಿ ಹುಡುಕತೊಡಗಿದರೆ ಅದು ಅಪಾಯ. ಒಳಗಿನ ಗುಣದ ಛಾಯೆ ಎದುರಿಗಿರುವ ಒಬ್ಬ ವ್ಯಕ್ತಿಯ ಮೇಲೆ ಬಿದ್ದಾಗ, ಅವರ ವಿಷಯವಾಗಿ ಏನೂ ತಿಳಿಯದಿದ್ದರೂ ಎಲ್ಲವೂ ತಿಳಿದಂತೆ ತೋರುತ್ತದೆ. ಅವರು ತಮ್ಮ ಸ್ವಭಾವದಂತೆ ನಡೆದುಕೊಂಡಾಗ ಮೋಸಹೋದಂತೆ ಕೋಪ ಬರುತ್ತದೆ. ಈ ಎರಡು ಲಕ್ಷಣಗಳು ಕೂಡಿ ಕಂಡಲ್ಲಿ, ತಾವು ಪ್ರೀತಿಸುತ್ತಿರುವುದು ಆ ವ್ಯಕ್ತಿಯನ್ನೋ ತಮ್ಮ ಕನಸನ್ನೋ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಇದಕ್ಕೆ ಎದುರಾಗಿ ನಮ್ಮ ಕನ್ನಡದಲ್ಲಿಯೇ ಅಕ್ಕಮಹಾದೇವಿಯ ಕನಸಿನ ವಚನವೊಂದಿದೆ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿಗಳನ್ನು ಅವಳು ಕಾಣುತ್ತಾಳೆ. ಜಡೆಯ ಗೊರವನೊಬ್ಬನು ಭಿಕ್ಷೆಗೆ ಮನೆಗೆ ಬರುತ್ತಾನೆ. ಮೀರಿ ಹೋಗುವವನನ್ನು ಬೆಂಬತ್ತಿ ಅವಳೇ ಕೈಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. ಭಕ್ತಿಯ ಈ ಪರಮಾನುಭವವನ್ನು ಮನಶ್ಶಾಸ್ತ್ರದ ಅಳತೆಗೆ ಇಳಿಸಲು ನನಗೆ ಅಧಿಕಾರವಿಲ್ಲ. ಆದರೂ ಕನಸಿನ ವರನನ್ನು ಯಾವ ಊರಿನಲ್ಲಿಯೂ ಹುಡುಕಿಸದೆ, ಕನಸಿನೊಳಗೆ ತಾನೇ ಮುಂದಾಗಿ ಕೈಹಿಡಿದು, ಎಚ್ಚತ್ತ ಬಳಿಕ ಆ ಸಂಬಂಧಕ್ಕೆ ತಕ್ಕಂತೆ ಬಾಳನ್ನೇ ಬದಲಿಸಿಕೊಂಡವಳ ದೃಷ್ಟಾಂತವಾಗಿ ಅದು ಉಷೆಯ ಕಥೆಗೆ ಸಮತೂಕವಾಗಿ ನಿಲ್ಲುತ್ತದೆಂದು ಹೇಳಬಹುದು.

ಇನ್ನೊಂದು ತಪ್ಪು, ಕನಸಿನಲ್ಲಿ ಮದುವೆ ನಡೆದೊಡನೆ ಸಂಯೋಗ ಮುಗಿಯಿತೆಂದು ಸಂಭ್ರಮಿಸುವುದು. ಯೂಂಗನು 1946ರ ತನ್ನ ಗ್ರಂಥವೊಂದರಲ್ಲಿ, 1550ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ರಸವಾದದ ಪುಸ್ತಕವೊಂದರಿಂದ 10 ಚಿತ್ರಗಳನ್ನು ಆರಿಸಿಕೊಂಡು ವಿವರಿಸಿದ್ದಾನೆ. ರಾಜನೂ ರಾಣಿಯೂ ಮೊದಲು ಕೈಹಿಡಿಯುತ್ತಾರೆ, ಒಂದೇ ನೀರಿಗಿಳಿಯುತ್ತಾರೆ, ಕೂಡುತ್ತಾರೆ. ಇಲ್ಲಿಗೆ ಕಥೆ ಮುಗಿದೀತೆಂದು ನಾವು ಎಣಿಸಿದರೆ, ಮುಂದಿನ ಚಿತ್ರದಲ್ಲಿ ಇಬ್ಬರೂ ಎರಡು ತಲೆಯ ಒಂದೇ ದೇಹವಾಗಿ ಶವಪೆಟ್ಟಿಗೆಯಲ್ಲಿ ಮಲಗಿದ್ದಾರೆ. ಮೇಲಿನಿಂದ ಹನಿ ಬಿದ್ದು, ಪ್ರಾಣ ಮರಳಿ, ಹೊಸಜನ್ಮವಾಗುವುದು ಕಡೆಯಲ್ಲಿ. ಅಗ್ನಿಪುರಾಣವೂ ಅರ್ಟೆಮಿಡೋರಸನೂ ನಮ್ಮ ಅಜ್ಜಿಯರೂ ಕಂಡ ಮರಣ ಇಲ್ಲಿಯೂ ಇದೆ. ಆದರೆ ಸಾಯುವುದು ಓರೆಯಾಗಿ ಬೆಳೆದ ಹಳೆಯ ಸ್ವಭಾವ. ತಪ್ಪನ್ನು ಸಹಿಸದ ಉಪಾಧ್ಯಾಯನು ಇಲ್ಲವಾಗದೆ, ತಪ್ಪನ್ನು ತಿದ್ದಿಸುವ ಉಪಾಧ್ಯಾಯನು ಹುಟ್ಟಲಾರನು. ನಡುವಿನ ಕಾಲದಲ್ಲಿ ಹಳೆಯ ಬಿಗಿಯೂ ಇಲ್ಲ, ಹೊಸ ನಿಲುಕೂ ಇಲ್ಲವೆಂಬ ಮಂಕು ಕವಿಯುವುದುಂಟು. ಮದುವೆಯ ಕನಸಿನ ಬೆನ್ನಿಗೆ ಬರುವ ಆ ಉದಾಸೀನವನ್ನು ಕೇಡಿನ ಆರಂಭವೆಂದು ಭಾವಿಸಿ ಹಳೆಯ ರೀತಿಗೆ ಓಡಿಹೋಗುವವರೇ ಹೆಚ್ಚು.

ಯೂಂಗನ ಸ್ವಂತ ಬಾಳಿನಲ್ಲಿಯೂ ಮದುವೆ ಮರಣಗಳ ಈ ಸಾಹಚರ್ಯವನ್ನು ಕಾಣುತ್ತೇವೆ. 1923ರ ಜನವರಿಯಲ್ಲಿ ತಾಯಿ ತೀರಿಕೊಂಡ ಸುದ್ದಿ ಕೇಳಿ ರಾತ್ರಿಯ ರೈಲಿನಲ್ಲಿ ಊರಿಗೆ ಹಿಂದಿರುಗುವಾಗ, ದುಃಖದ ನಡುವೆಯೂ ಮದುವೆಯ ಮನೆಯಲ್ಲಿರುವಂತೆ ಅವನಿಗೆ ನೃತ್ಯಸಂಗೀತವೂ ನಗೆಯೂ ಎಡೆಬಿಡದೆ ಕೇಳಿಸಿದುವು. 1944ರಲ್ಲಿ ಹೃದಯಾಘಾತವಾಗಿ ಅವನೇ ಮರಣದ ಅಂಚಿನಲ್ಲಿ ಮಲಗಿದ್ದಾಗ, ರಾತ್ರಿ ರಾತ್ರಿಯೂ ದಿವ್ಯವಿವಾಹಗಳ ದರ್ಶನವಾಯಿತು. ದಾಳಿಂಬೆಯ ತೋಟದಲ್ಲಿ ನಡೆದ ಯಹೂದಿ ಅನುಭಾವಿಗಳ ಒಂದು ಕಲ್ಯಾಣವೂ ಅವುಗಳಲ್ಲಿ ಒಂದು. ಫಲಜ್ಯೋತಿಷದ ಕ್ರಮದಿಂದ ಓದಿದ್ದರೆ ಆ ದರ್ಶನಗಳ ಅರ್ಥ ಒಂದೇ ಆಗುತ್ತಿತ್ತು. ಅವನು ಆ ಮೇಲೆ 17 ವರ್ಷ ಬದುಕಿದನು. ವಿರುದ್ಧಗುಣಗಳ ಸಂಯೋಗವನ್ನೇ ವಿಷಯವಾಗಿಸಿದ ತನ್ನ ಮಹಾಗ್ರಂಥವನ್ನು 1955–56ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಪ್ರಕಟಿಸಿದನು.

ಆದುದರಿಂದ, ಕನಸಿನಲ್ಲಿ ಅಪರಿಚಿತರ ಕೈಹಿಡಿದು ಎಚ್ಚತ್ತವರಿಗೆ ನಾನು ಹೇಳುವುದಿಷ್ಟು. ಪಂಚಾಂಗವನ್ನು ನೋಡುವ ಮೊದಲು ಆ ವ್ಯಕ್ತಿಯ ಉಡುಗೆ, ಕೈ, ದನಿ, ನಡೆಗಳನ್ನು, ಅವು ಮಾಸುವ ಮುನ್ನ, ಬರೆದಿಟ್ಟುಕೊಳ್ಳಿ; ಅವುಗಳಲ್ಲಿ ನಿಮಗೆ ಹಿತವಾದುದನ್ನೂ ಅಹಿತವಾದುದನ್ನೂ ಸಮನಾಗಿ ಗುರುತಿಸಿ; ಆ ಗುಣವನ್ನು ಯಾವ ವಯಸ್ಸಿನಲ್ಲಿ, ಯಾರ ಮಾತಿನಿಂದ, ಯಾವ ಕರ್ತವ್ಯಕ್ಕಾಗಿ ಹಿಂದೆ ಬಿಟ್ಟಿರೆಂದು ನೆನಪಿಸಿಕೊಳ್ಳಿ. ನೆನಪಾದರೆ ಅದಕ್ಕೆ ದಿನದ ಬಾಳಿನಲ್ಲಿ ಒಂದು ಸಣ್ಣ ಕೆಲಸವನ್ನು ಕೊಟ್ಟು, ಮುಂದಿನ ಕನಸುಗಳು ಏನು ಹೇಳುತ್ತವೆಂದು ಕಾಯಿರಿ. ಮನೆಯ ಹಿರಿಯರು ಅಪಶಕುನವೆಂದು ಬೆದರಿದರೆ ಅವರ ಮಾತನ್ನು ಮೂಢವೆಂದು ತಳ್ಳಬೇಡಿ. ಏನೋ ಒಂದು ಮುಗಿಯುತ್ತಿದೆ ಎಂಬಷ್ಟರ ಮಟ್ಟಿಗೆ ಅವರ ಮಾತು ದಿಟ. ಮುಗಿಯಬೇಕಾದುದು ಯಾವುದೆಂಬುದನ್ನು ಮಾತ್ರ ಅವರೂ ಹೇಳಲಾರರು, ನಾನೂ ಹೇಳಲಾರೆ. ಕನಸು ಕಂಡವರೇ ತಮ್ಮ ಬಾಳಿನಲ್ಲಿ ಹುಡುಕಿ ಹೇಳಬೇಕು.